177 ರೂಪಾಯಿ ಎಲ್ಲಿಗೆ ಹೋಯ್ತು: ನಿವೃತ್ತ ಮೇಷ್ಟ್ರೊಬ್ಬರ ಪಾಸ್‌ಬುಕ್ ಪ್ರಕರಣ

ಇದು ನಮ್ಮ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರ ಖಾತೆಯಲ್ಲಿ ನಡೆದದ್ದು. ಹೆಸರು, ಊರು, ಬ್ಯಾಂಕು, ಕಂಪನಿ ಯಾವುದನ್ನೂ ಹೇಳಲ್ಲ, ಕೆಲವು ವಿವರ ಗುರುತು ಸಿಗದ ಹಾಗೆ ಬದಲಾಯಿಸಿದೀನಿ, ಆದರೆ 177 ಅನ್ನೋ ಅಂಕಿ ಮಾತ್ರ ಹಾಗೇ ಇಟ್ಟಿದೀನಿ ಯಾಕಂದ್ರೆ ಅರ್ಧ ಕಥೆ ಅದರಲ್ಲೇ ಇದೆ. ನಾನು ಬ್ಯಾಂಕಲ್ಲಿ ಕ್ಲಿಯರಿಂಗ್ ಕಡೆ ಕೆಲಸ ಮಾಡಿದವನು, ಅದಕ್ಕೇ ಪಾಸ್‌ಬುಕ್ ಹಿಡ್ಕೊಂಡು ನನ್ನ ಹತ್ರ ಬಂದ್ರು.

ಹಿನ್ನೆಲೆ

ಮೇಷ್ಟ್ರು ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತಿದ್ದವರು. ವಯಸ್ಸು ಅರವತ್ತೈದು ದಾಟಿದೆ. ಪೆನ್ಷನ್ ಬರೋ ಖಾತೆ ಒಂದೇ, ಅದರಲ್ಲೇ ಎಲ್ಲಾ ವ್ಯವಹಾರ. ಮೊಬೈಲಲ್ಲಿ ಬ್ಯಾಂಕ್ ಆಪ್ ಇಲ್ಲ, ಬೇಡ ಅಂತ ಅವರೇ ಹಾಕಿಸಿಕೊಂಡಿಲ್ಲ. ಎಸ್ಸೆಮ್ಮೆಸ್ ಬರುತ್ತೆ ಆದರೆ ದಿನಕ್ಕೆ ಬರೋ ಲೋನ್ ಬೇಕಾ, ಕಾರ್ಡ್ ಬೇಕಾ ಮೆಸೇಜುಗಳ ಮಧ್ಯೆ ಬ್ಯಾಂಕಿನದ್ದು ಯಾವುದು ಅಂತ ಹುಡುಕೋಕೆ ಅವರಿಗೆ ಬೇಜಾರು. ಅದರ ಬದಲು ತಿಂಗಳಿಗೊಂದು ಸಲ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಂಡು ಬಂದು ಮನೇಲಿ ಒಂದು ನೋಟ್‌ಬುಕ್ಕಲ್ಲಿ ಪ್ರತಿ ಸಾಲಿಗೂ ಇದು ಏನು ಅಂತ ಬರೀತಾರೆ. ಗೊತ್ತಿಲ್ಲದ ಸಾಲು ಬಂದ್ರೆ ಪ್ರಶ್ನಾರ್ಥಕ ಚಿಹ್ನೆ.

ಮೇ ಕೊನೇಲಿ ಕಟ್ ಆಗೋ 20 ರೂಪಾಯಿಗೆ ಒಂದು ಕಾಲದಲ್ಲಿ ಹಾಗೇ ಪ್ರಶ್ನಾರ್ಥಕ ಹಾಕಿದ್ರಂತೆ, ಆಮೇಲೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಗೊತ್ತಾಗಿ ಅಳಿಸಿದ್ರಂತೆ. (ಅಪಘಾತ ವಿಮೆ ಅದು, 2 ಲಕ್ಷದ್ದು, ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ಆಗಿದೆ. ಗೊತ್ತಿಲ್ಲದ ಡೆಬಿಟ್ ಅಂತ ಅದನ್ನ ನಿಲ್ಲಿಸಿಬಿಟ್ಟವರನ್ನ ನಾನೇ ನೋಡಿದೀನಿ, ಹಾಗಾಗಿ ಹೇಳ್ತಿದೀನಿ, ಮೊದಲು ಏನು ಅಂತ ನೋಡಿ ಆಮೇಲೆ ನಿಲ್ಲಿಸಿ.)

ಈ ಸಲ ಪ್ರಶ್ನಾರ್ಥಕ ಬಿದ್ದದ್ದು 177.00ಕ್ಕೆ. ಪಾಸ್‌ಬುಕ್ಕಲ್ಲಿ ಇದ್ದದ್ದು ಇಷ್ಟೇ:

```
DEBIT-ACHDr NACH000000
```

ಪ್ರಿಂಟರ್ ಅಲ್ಲಿಗೆ ಜಾಗ ಮುಗೀತು ಅಂತ ನಿಲ್ಲಿಸಿದೆ. ಹೆಸರಿಲ್ಲ, ಊರಿಲ್ಲ.

ಸಮಸ್ಯೆ ಏನು ಅಂತ ಎಲ್ಲರೂ ಒಂದೊಂದು ಹೇಳಿದ್ದು

ಮೊದಲು ಕೌಂಟರಲ್ಲಿ ಕೇಳಿದ್ದಾರೆ. ಅಲ್ಲಿದ್ದ ಹುಡುಗ ಪಾಪ ರಶ್ಶಲ್ಲಿದ್ದ, ಒಂದು ಸಲ ಕಣ್ಣಾಡಿಸಿ "ಸಾರ್ ಅದು ಎಟಿಎಂ ಚಾರ್ಜೋ ಎಸ್ಸೆಮ್ಮೆಸ್ ಚಾರ್ಜೋ ಇರಬೇಕು, ಎಲ್ಲರಿಗೂ ಕಟ್ ಆಗುತ್ತೆ" ಅಂದಿದ್ದಾನೆ. ಬಹಳಷ್ಟು ಜನ ಇಲ್ಲಿಗೇ ಸುಮ್ಮನಾಗ್ತಾರೆ. ಮೇಷ್ಟ್ರು ಮನೆಗೆ ಬಂದು 177ನ್ನ 1.18ರಿಂದ ಭಾಗಿಸಿದ್ದಾರೆ. ಸರಿಯಾಗಿ 150 ಬಂದಿದೆ.

ಇದನ್ನ ಅವರು ನನಗೆ ಹೇಳಿದಾಗ ನನಗೆ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ಬ್ಯಾಂಕಿನ ಒಳಗಿದ್ದವರು ಕಣ್ಣಲ್ಲೇ ಮಾಡೋ ಲೆಕ್ಕ ಇದು. ಬ್ಯಾಂಕು, ಫೈನಾನ್ಸ್ ಸೇವೆಗಳ ಶುಲ್ಕದ ಮೇಲೆ ಜಿಎಸ್‌ಟಿ 18 ಪರ್ಸೆಂಟು. ಶುಲ್ಕಗಳನ್ನ ಸಾಮಾನ್ಯವಾಗಿ 50, 100, 150, 250, 500 ಅಂತ ದುಂಡು ಅಂಕಿಯಲ್ಲೇ ಇಡ್ತಾರೆ. 50ಕ್ಕೆ ಜಿಎಸ್‌ಟಿ ಸೇರಿದ್ರೆ 59. ಹಾಗಾಗಿ 59ರ ಮಗ್ಗಿ ಬಾಯಲ್ಲಿದ್ರೆ ಸಾಕು: 59, 118, 177, 236, 295, ಹೀಗೆ 590ರ ತನಕ. ಈ ಅಂಕಿಗಳಲ್ಲಿ ಒಂದು ಪಾಸ್‌ಬುಕ್ಕಲ್ಲಿ ಕಂಡ್ರೆ ಅದು ಯಾರೋ ಕದ್ದದ್ದು ಅನ್ನೋದಕ್ಕಿಂತ ಯಾರೋ ಬಿಲ್ ಹಾಕಿರೋದು ಅನ್ನೋ ಸಾಧ್ಯತೆ ಜಾಸ್ತಿ, ಕಳ್ಳ ಜಿಎಸ್‌ಟಿ ಸೇರಿಸಿ ಕದಿಯಲ್ಲ. ಇದೇನು ಪಕ್ಕಾ ಸಾಕ್ಷಿ ಅಲ್ಲ, ಕಾಕತಾಳೀಯನೂ ಇರಬಹುದು, ಆದರೆ ಎಲ್ಲಿಂದ ಹುಡುಕೋಕೆ ಶುರು ಮಾಡಬೇಕು ಅಂತ ಹೇಳುತ್ತೆ.

ಹಾಗಾದ್ರೆ ಕೌಂಟರಿನ ಹುಡುಗ ಹೇಳಿದ್ದೇ ಸರಿ, ಬ್ಯಾಂಕ್ ಚಾರ್ಜೇ ಅಲ್ವಾ ಅಂತ ಕೇಳಬಹುದು. ಅಲ್ಲ. ಬ್ಯಾಂಕು ತನ್ನ ಶುಲ್ಕ ತಾನು ತಗೊಳ್ಳೋದಾದ್ರೆ ನೇರವಾಗಿ ಖಾತೆಯಿಂದ ಕಟ್ ಮಾಡುತ್ತೆ, ವಿವರಣೆಯಲ್ಲಿ ಚಾರ್ಜ್ ಅಂತಲೋ ಎಎಂಸಿ ಅಂತಲೋ ಇರುತ್ತೆ. ಇಲ್ಲಿ ಇರೋದು ACH, NACH ಅನ್ನೋ ಅಕ್ಷರಗಳು. ನ್ಯಾಚ್ ಅಂದ್ರೆ ಯುಪಿಐ ನಡೆಸೋ ಎನ್‌ಪಿಸಿಐ ಸಂಸ್ಥೆಯದ್ದೇ ಇನ್ನೊಂದು ವ್ಯವಸ್ಥೆ, ಮುಂಚೆ ಇಸಿಎಸ್ ಅಂತಿದ್ವಲ್ಲ ಅದರ ಜಾಗಕ್ಕೆ ಬಂದದ್ದು. ಹೊರಗಿನ ಒಂದು ಕಂಪನಿ ತನ್ನ ಬ್ಯಾಂಕಿನ ಮೂಲಕ ನಿಮ್ಮ ಬ್ಯಾಂಕಿಗೆ "ಈ ಖಾತೆಯವರು ನಮಗೆ ಮೊದಲೇ ಅನುಮತಿ ಕೊಟ್ಟಿದ್ದಾರೆ, ಇಷ್ಟು ದುಡ್ಡು ಕೊಡಿ" ಅಂತ ಕೇಳಿದೆ, ನಿಮ್ಮ ಬ್ಯಾಂಕು ಕೊಟ್ಟಿದೆ. ಆ ಅನುಮತಿಗೆ ಮ್ಯಾಂಡೇಟ್ ಅಂತಾರೆ. ಅಂದ್ರೆ 177ರ ಹಿಂದೆ ಎಲ್ಲೋ ಮೇಷ್ಟ್ರದ್ದೇ ಒಂದು ಒಪ್ಪಿಗೆ ಇದೆ, ಅಥವಾ ಅವರ ಹೆಸರಲ್ಲಿ ಮಾಡಿರೋ ಒಪ್ಪಿಗೆ ಇದೆ.

ಅಷ್ಟರಲ್ಲಿ ಬೇರೆ ಊರಲ್ಲಿರೋ ಮಗ ಫೋನ್ ಮಾಡಿ ಗಾಬರಿ ಮಾಡಿದ್ದ. "ಅಪ್ಪ ಇದು ಸೈಬರ್ ಫ್ರಾಡು, ಮೊದಲು ಚಿಕ್ಕ ಅಮೌಂಟ್ ತೆಗೆದು ಟೆಸ್ಟ್ ಮಾಡ್ತಾರೆ, ತಕ್ಷಣ 1930ಗೆ ಫೋನ್ ಮಾಡಿ, ದುಡ್ಡೆಲ್ಲ ನನ್ನ ಅಕೌಂಟಿಗೆ ಹಾಕಿ ಖಾಲಿ ಇಡಿ." ಮಗ ಹೇಳಿದ್ದು ಪೂರ್ತಿ ತಪ್ಪು ಅಂತ ಅಲ್ಲ. ಕಾರ್ಡಲ್ಲೋ ಯುಪಿಐಲ್ಲೋ ಗೊತ್ತಿಲ್ಲದ ಡೆಬಿಟ್ ಆಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ, ಅಲ್ಲಿ ಗಂಟೆಗಳು ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ತಪ್ಪು ನಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಅನ್ನೋ ಅನಧಿಕೃತ ವ್ಯವಹಾರವನ್ನ ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ರೆ ನಮ್ಮ ಮೇಲೆ ಹೊಣೆ ಬರಲ್ಲ, ನಾಲ್ಕರಿಂದ ಏಳು ದಿನ ಆದ್ರೆ ಒಂದು ಮಿತಿ ತನಕ ನಾವು ಹೊರಬೇಕು. ಮೇಷ್ಟ್ರು ನೋಡಿದಾಗ ಡೆಬಿಟ್ ಆಗಿ ಮೂರು ವಾರವೇ ಆಗಿತ್ತು, ಅದಕ್ಕೇ ಅವರ ಮುಖ ಸಪ್ಪಗಾಗಿತ್ತು, ಟೈಮ್ ಮುಗಿದೇ ಹೋಯ್ತಲ್ಲ ಅಂತ.

ಆದರೆ ಈ ಗಡಿಯಾರ ಓಡೋದು ಅನಧಿಕೃತ ವ್ಯವಹಾರಕ್ಕೆ. ಮ್ಯಾಂಡೇಟ್ ಇರೋ ಡೆಬಿಟ್ಟಿಗೆ ಪ್ರಶ್ನೆನೇ ಬೇರೆ: ಒಪ್ಪಿಗೆ ಯಾವುದಕ್ಕೆ ಕೊಟ್ಟಿದ್ದು, ತೆಗೆದದ್ದು ಯಾವುದಕ್ಕೆ? ಅದು ಗೊತ್ತಾಗೋ ತನಕ ಫ್ರಾಡ್ ಅಂತ ಬರೆದುಕೊಟ್ರೆ ಬ್ಯಾಂಕು ಸಿಸ್ಟಮ್ ನೋಡಿ "ಮ್ಯಾಂಡೇಟ್ ಚಾಲ್ತಿಯಲ್ಲಿದೆ, ನೀವೇ ಒಪ್ಪಿದೀರಿ" ಅಂತ ಒಂದು ಸಾಲಲ್ಲಿ ದೂರು ಮುಚ್ಚಿಬಿಡುತ್ತೆ.

ಖಾತೆ ಖಾಲಿ ಮಾಡೋದು ಇನ್ನೂ ಕೆಟ್ಟ ಉಪಾಯ. ಕಂಪನಿ ಮುಂದಿನ ಸಲ ಕೇಳಿದಾಗ ದುಡ್ಡಿಲ್ಲ ಅಂತ ವಾಪಸ್ ಹೋದ್ರೆ ಬ್ಯಾಂಕು ರಿಟರ್ನ್ ಚಾರ್ಜ್ ಹಾಕುತ್ತೆ, ಬ್ಯಾಂಕಿಂದ ಬ್ಯಾಂಕಿಗೆ ಬೇರೆ ಬೇರೆ ಆದರೆ 295, 590 ಅನ್ನೋದು ಮಾಮೂಲಿ ಅಂಕಿ (ಮತ್ತೆ 59ರ ಮಗ್ಗಿ ನೋಡಿ), ಅದರ ಮೇಲೆ ಕಂಪನಿಯವರ ಬೌನ್ಸ್ ಚಾರ್ಜ್ ಬೇರೆ, ಬಾಕಿ ಉಳಿಸಿಕೊಂಡಿದ್ದಾರೆ ಅಂತ ರಿಪೋರ್ಟ್ ಮಾಡಿದ್ರೆ ಕ್ರೆಡಿಟ್ ಸ್ಕೋರಿಗೂ ಏಟು. 177ರ ಜಗಳ ಸಾವಿರದ ಜಗಳ ಆಗುತ್ತೆ. ಖಾತೆಯಲ್ಲಿ ದುಡ್ಡು ಇರಲಿ ಮೇಷ್ಟ್ರೇ, ಮೊದಲು ಯಾರು ಅಂತ ನೋಡೋಣ ಅಂದೆ.

ಹುಡುಕಿದ ದಾರಿ

ಪಾಸ್‌ಬುಕ್ಕಲ್ಲಿ ಕತ್ತರಿಸಿ ಹೋದ ವಿವರಣೆ ಸ್ಟೇಟ್‌ಮೆಂಟಲ್ಲಿ ಪೂರ್ತಿ ಇರುತ್ತೆ. ಬ್ರಾಂಚಲ್ಲಿ ಕಳೆದ ಮೂರು ವರ್ಷದ ಸ್ಟೇಟ್‌ಮೆಂಟ್ ಕೇಳಿದ್ವಿ. ಒಂದು ತಿಂಗಳದ್ದು ಸಾಕಲ್ವಾ ಅಂದ್ರು. ಸಾಕಾಗಲ್ಲ, ಯಾಕಂದ್ರೆ ಈ ಡೆಬಿಟ್ ಮುಂಚೆನೂ ಆಗಿದೆಯಾ, ಅದೇ ಕಂಪನಿ ಹೆಸರು ಬೇರೆ ಅಮೌಂಟಿಗೆ ಬಂದಿದೆಯಾ ಅನ್ನೋದು ಹಳೇ ಪುಟಗಳಲ್ಲೇ ಗೊತ್ತಾಗೋದು.

ಪೂರ್ತಿ ಸಾಲಲ್ಲಿ NACH ನಂತರ ಉದ್ದದ ಸಂಖ್ಯೆ, ಅದಾದ ಮೇಲೆ ಒಂದು ಫೈನಾನ್ಸ್ ಕಂಪನಿ ಹೆಸರು ಅರ್ಧಂಬರ್ಧ. ಆ ಸಂಖ್ಯೆಗೆ ಯುಟಿಲಿಟಿ ಕೋಡ್ ಅಂತಾರೆ, ದುಡ್ಡು ಕೇಳೋ ಕಂಪನಿಗೆ ನ್ಯಾಚ್ ವ್ಯವಸ್ಥೆಯಲ್ಲಿ ಕೊಟ್ಟಿರೋ ಗುರುತು ಅದು. ಹೆಸರು ಹೇಗೆ ಬೇಕಾದ್ರೂ ಕಟ್ ಆಗಿರಬಹುದು, ಆ ಕೋಡು ಮಾತ್ರ ಒಂದೇ ಇರುತ್ತೆ. ಹಿಂದಿನ ಪುಟಗಳಲ್ಲಿ ಅದೇ ಕೋಡು ಹುಡುಕಿದಾಗ ಹೋದ ವರ್ಷ ಅದೇ ತಿಂಗಳು ಇನ್ನೊಂದು 177 ಸಿಕ್ತು (ಆ ಪುಟದ ಎಂಟ್ರಿ ಹಾಕಿಸೋ ಹೊತ್ತಿಗೆ ಮೇಷ್ಟ್ರು ಕಣ್ಣಿನ ಆಪರೇಷನ್ ಮಾಡಿಸ್ಕೊಂಡಿದ್ರಂತೆ, ನೋಟ್‌ಬುಕ್ ಬರೆದಿರಲಿಲ್ಲ). ಅದಕ್ಕೂ ಹಿಂದೆ ಸತತ ಹತ್ತು ತಿಂಗಳು 2,600 ರೂಪಾಯಿ.

2,600 ನೋಡಿದ ಕೂಡಲೇ ಮೇಷ್ಟ್ರಿಗೆ ನೆನಪಾಯ್ತು. ವಾಷಿಂಗ್ ಮಷೀನು. ಬಡ್ಡಿ ಇಲ್ಲದ ಇಎಂಐ ಅಂತ ಅಂಗಡಿಯವರೇ ಹತ್ತು ಕಂತು ಮಾಡಿಕೊಟ್ಟಿದ್ರು. "ಅದು ತೀರಿ ಹೋಯ್ತಲ್ಲ, ಹತ್ತಕ್ಕೆ ಹತ್ತು ಕಟ್ಟಿದೀನಿ, ಇವರಿಗೂ ನನಗೂ ಈಗ ಏನು ಸಂಬಂಧ?" ಅಂದ್ರು. ನ್ಯಾಯವಾದ ಪ್ರಶ್ನೆನೇ.

ಇಲ್ಲೊಂದು ಕಡೆ ಕಾಲು ಜಾರೋದಿತ್ತು. ಕಂಪನಿ ಹೆಸರು ಸಿಕ್ತಲ್ಲ ಅಂತ ಪಕ್ಕದ ಮನೆ ಹುಡುಗ ನೆಟ್ಟಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಡಯಲ್ ಮಾಡಿ ಮೇಷ್ಟ್ರ ಕೈಗೆ ಕೊಟ್ಟ. ಆ ಕಡೆಯವನು ಬಹಳ ವಿನಯವಾಗಿ ಮಾತಾಡಿದ, 177 ಈಗಲೇ ವಾಪಸ್ ಹಾಕ್ತೀನಿ ಸಾರ್ ಅಂದ, ಅದಕ್ಕೆ ಮೊಬೈಲಲ್ಲಿ ಒಂದು ಆಪ್ ಹಾಕ್ಕೊಳ್ಳಿ, ಅದರಲ್ಲಿ ಬರೋ ಒಂಬತ್ತು ಅಂಕಿ ಹೇಳಿ ಅಂದ. ಸ್ಕ್ರೀನ್ ಶೇರಿಂಗ್ ಆಪು. ಮೇಷ್ಟ್ರು ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ, "ನನ್ನ ಲೋನ್ ಅಕೌಂಟ್ ನಂಬರ್ ನೀವು ಹೇಳಿ, ನಾನು ತಾಳೆ ನೋಡ್ತೀನಿ". ಅವನು ನೀವೇ ಹೇಳಿ ಸಾರ್ ಅಂದ, ಇವರು ಫೋನ್ ಇಟ್ಟರು. ನಿಜವಾದ ಡೆಬಿಟ್ಟಿನ ಬೆನ್ನು ಹತ್ತಿ ಹೋದವರು ನಿಜವಾದ ಕಳ್ಳನ ಕೈಗೆ ಸಿಗೋದು ಹೀಗೇ, 177 ವಾಪಸ್ ತರೋಕೆ ಹೋಗಿ ಪೆನ್ಷನ್ ಪೂರ್ತಿ ಕಳ್ಕೊಳ್ಳೋದು. ನಂಬರ್ ಬೇಕಾದ್ರೆ ಹಳೇ ಲೋನ್ ಕಾಗದದಲ್ಲಿರೋದು ತಗೋಬೇಕು, ಇಲ್ಲಾ ಕಂಪನಿಯ ಸ್ವಂತ ವೆಬ್‌ಸೈಟ್ ವಿಳಾಸ ಕೈಯಲ್ಲೇ ಟೈಪ್ ಮಾಡಿ ಅಲ್ಲಿರೋ ದೂರು ಅಧಿಕಾರಿಯ ಇಮೇಲ್ ತಗೋಬೇಕು. ಸರ್ಚಲ್ಲಿ ಮೇಲ್ಗಡೆ ಬರೋ ನಂಬರಿಗೆ ಫೋನ್ ಮಾಡೋದು ಬೇಡವೇ ಬೇಡ.

ಮ್ಯಾಂಡೇಟ್ ಬಿಚ್ಚಿ ನೋಡಿದಾಗ

ನನ್ನ ಪ್ರಕಾರ ಈ ಪ್ರಕರಣ ತಿರುಗಿದ್ದು ಇಲ್ಲಿ. ಬ್ರಾಂಚಿಗೆ ಒಂದು ಸಣ್ಣ ಅರ್ಜಿ ಬರೆದ್ವಿ: ನನ್ನ ಖಾತೆಯ ಮೇಲೆ ಚಾಲ್ತಿಯಲ್ಲಿರೋ ಎಲ್ಲಾ ನ್ಯಾಚ್ ಮ್ಯಾಂಡೇಟ್‌ಗಳ ಪಟ್ಟಿ ಕೊಡಿ, ಈ ಕಂಪನಿಯ ಮ್ಯಾಂಡೇಟಿನ ಪೂರ್ತಿ ವಿವರ ಕೊಡಿ. ಅರ್ಜಿಯ ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಂಡ್ವಿ. ಬಾಯಲ್ಲಿ ಕೇಳಿದ್ದಾಗ "ನಮ್ಮ ಹತ್ರ ಇಲ್ಲ ಸಾರ್, ಕಂಪನಿಯವರನ್ನೇ ಕೇಳಿ" ಅಂದಿದ್ದವರು, ಬರವಣಿಗೆಯಲ್ಲಿ ಕೊಟ್ಟ ಮೇಲೆ ಒಳಗಿದ್ದ ಆಫೀಸರು ಸಿಸ್ಟಮ್ ತೆಗೆದು ಪ್ರಿಂಟ್ ಕೊಟ್ಟರು.

ಪ್ರಿಂಟಲ್ಲಿ ಇದ್ದದ್ದು: ಯುಎಂಆರ್‌ಎನ್ ಅಂತ ಇಪ್ಪತ್ತು ಅಕ್ಷರದ ಒಂದು ಸಂಖ್ಯೆ, ಅದು ಆ ಮ್ಯಾಂಡೇಟಿನ ಗುರುತು, ಮುಂದೆ ಏನೇ ಪತ್ರ ಬರೆದ್ರೂ ಇದನ್ನ ಹಾಕಲೇಬೇಕು. ಮ್ಯಾಂಡೇಟ್ ಮಾಡಿದ ದಿನಾಂಕ, ಅದು ವಾಷಿಂಗ್ ಮಷೀನ್ ತಗೊಂಡ ದಿನವೇ. ಡೆಬಿಟ್ ವಿಧ ಅನ್ನೋ ಕಡೆ ನಿಗದಿತ ಮೊತ್ತ ಅಂತ ಇರಲಿಲ್ಲ, ಗರಿಷ್ಠ ಮೊತ್ತ ಅಂತಿತ್ತು, ಅದರ ಮುಂದೆ 10,000. ಎಷ್ಟು ಸಲ ಅನ್ನೋ ಕಡೆ ತಿಂಗಳಿಗೊಮ್ಮೆ ಅಂತ ಇರಲಿಲ್ಲ, ಕಂಪನಿ ಯಾವಾಗ ಕೇಳಿದ್ರೆ ಆವಾಗ ಅಂತಿತ್ತು. ಮುಕ್ತಾಯದ ದಿನಾಂಕ ಹತ್ತು ತಿಂಗಳ ಮುಂದಿನದಲ್ಲ, ಮೇಷ್ಟ್ರು ಅದನ್ನ ನೋಡಿ "ಅಷ್ಟು ಹೊತ್ತಿಗೆ ನಾನು ಇರ್ತೀನಾ" ಅಂತ ನಕ್ಕರು, ಅಷ್ಟು ದೂರದ್ದು. ಉದ್ದೇಶ ಅನ್ನೋ ಕಡೆ: ಸಾಲದ ಕಂತು ಪಾವತಿ.

ಅವರು ಒಪ್ಪಿದ್ದೀನಿ ಅಂದುಕೊಂಡದ್ದು ತಿಂಗಳಿಗೆ 2,600ರ ಹಾಗೆ ಹತ್ತು ಸಲ. ಕಾಗದದ ಪ್ರಕಾರ ಒಪ್ಪಿದ್ದು ಯಾವಾಗ ಬೇಕಾದ್ರೂ, 10,000ದೊಳಗೆ ಎಷ್ಟು ಬೇಕಾದ್ರೂ. ಸಾಲ ತೀರಿದ್ದಕ್ಕೂ ಮ್ಯಾಂಡೇಟ್ ಮುಗಿಯೋದಕ್ಕೂ ಸಂಬಂಧವೇ ಇಲ್ಲ, ಬಾಡಿಗೆಯವರು ಮನೆ ಖಾಲಿ ಮಾಡಿದ್ರೂ ಬೀಗದ ಕೈ ಅವರ ಹತ್ರವೇ ಉಳಿದ ಹಾಗೆ. ಕಂಪನಿಯವರು ಗರಿಷ್ಠ ಮೊತ್ತ ಜಾಸ್ತಿ ಇಟ್ಟುಕೊಳ್ಳೋದಕ್ಕೆ ಕಾರಣನೂ ಇದೆ ಅನ್ನಿ, ಕಂತು ತಡವಾದ್ರೆ ಅದರ ಜೊತೆ ದಂಡ ಸೇರಿಸಿ ಕೇಳಬೇಕಾಗುತ್ತೆ, ನಾಳೆ ಇನ್ನೊಂದು ಸಾಲ ತಗೊಂಡ್ರೆ ಇದೇ ಮ್ಯಾಂಡೇಟಲ್ಲಿ ನಡೆಯುತ್ತೆ. ಕಾನೂನು ಪ್ರಕಾರ ಅಡ್ಡಿ ಇಲ್ಲ. ಆದರೆ ಅಂಗಡಿಯಲ್ಲಿ ನಿಂತಿದ್ದವರಿಗೆ ಇದನ್ನ ಯಾರೂ ಓದಿ ಹೇಳಿರಲ್ಲ.

ಅಂಗಡಿಯಲ್ಲಿ ಏನಾಗಿತ್ತು ಅಂತ ಮೇಷ್ಟ್ರನ್ನ ನಿಧಾನವಾಗಿ ಕೇಳಿದೆ. ಫೈನಾನ್ಸ್ ಟೇಬಲ್ಲಿನ ಹುಡುಗ ಅವರ ಮೊಬೈಲ್ ತಾನೇ ಇಸ್ಕೊಂಡು ಒಂದಾದ ಮೇಲೊಂದು ಓಟಿಪಿ ನೋಡಿ ಹಾಕ್ತಾ ಹೋದನಂತೆ. ಒಂದು ಸಾಲದ ಅರ್ಜಿಗೆ, ಒಂದು ಮ್ಯಾಂಡೇಟಿಗೆ. ಇನ್ನೊಂದು ಯಾವುದಕ್ಕೆ ಅಂದ್ರೆ "ಕಾರ್ಡಿಗೆ ಸಾರ್, ಫ್ರೀ, ಮುಂದಿನ ಸಲ ಪೇಪರ್ ಏನೂ ಬೇಕಾಗಲ್ಲ" ಅಂದಿದ್ದ. ಕಾರ್ಡ್ ಯಾವತ್ತೂ ಮನೆಗೆ ಬರಲೇ ಇಲ್ಲ. ಬರೋದಿಲ್ಲ ಕೂಡ, ಅದು ಕಂತಲ್ಲಿ ಸಾಮಾನು ತಗೊಳ್ಳೋಕೆ ಅಂತ ಬರೀ ಆಪಲ್ಲಿರೋ ಇಎಂಐ ಕಾರ್ಡು. ಮೊದಲ ವರ್ಷ ಫ್ರೀ, ಆಮೇಲೆ ಹಿಂದಿನ ವರ್ಷ ಅದರಲ್ಲಿ ಏನೂ ಖರೀದಿ ಮಾಡಿಲ್ಲ ಅಂದ್ರೆ ವಾರ್ಷಿಕ ಶುಲ್ಕ 150, ಜಿಎಸ್‌ಟಿ ಸೇರಿ 177.

ಮೂಲ ಸಿಕ್ಕಿತು. ಕಳ್ಳತನ ಅಲ್ಲ, ಬ್ಯಾಂಕ್ ಚಾರ್ಜೂ ಅಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಈಗ ಮೇಷ್ಟ್ರಿಗೆ ಸಿಟ್ಟು. ಇವತ್ತೇ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ಕ್ಯಾನ್ಸಲ್ ಮಾಡಿಸ್ತೀನಿ ಅಂದ್ರು. ಮಾಡಿಸಬಹುದು, ಅದು ಗ್ರಾಹಕನ ಹಕ್ಕು. ಆದರೆ ನಾನು ಒಂದೆರಡು ವಾರ ತಡೀರಿ ಅಂದೆ, ಇದರ ಬಗ್ಗೆ ನಮ್ಮಿಬ್ಬರಿಗೂ ಸ್ವಲ್ಪ ವಾದವೇ ಆಯ್ತು.

ನನ್ನ ಲೆಕ್ಕ ಹೀಗಿತ್ತು. ಮ್ಯಾಂಡೇಟ್ ರದ್ದಾದ್ರೆ ದುಡ್ಡು ಹೋಗೋ ದಾರಿ ಮುಚ್ಚುತ್ತೆ, ಆದರೆ ಕಾರ್ಡಿನ ಒಪ್ಪಂದ ಕಂಪನಿಯ ಪುಸ್ತಕದಲ್ಲಿ ಜೀವಂತವಾಗೇ ಇರುತ್ತೆ. ಮುಂದಿನ ವರ್ಷ ಶುಲ್ಕ ಬಂದಾಗ ಅವರು ಕೇಳ್ತಾರೆ, ಸಿಗಲ್ಲ, ಬಾಕಿ ಅಂತ ಬರ್ಕೊಳ್ತಾರೆ, ವಸೂಲಿ ಫೋನುಗಳು ಶುರುವಾಗ್ತವೆ. ಅದಕ್ಕೇ ಮೊದಲು ಕಾರ್ಡ್ ಮುಚ್ಚಿಸಬೇಕು, ಬಾಕಿ ಏನೂ ಇಲ್ಲ ಅಂತ ಅವರಿಂದ ಬರವಣಿಗೆಯಲ್ಲಿ ತಗೋಬೇಕು, ಆಮೇಲೆ ಮ್ಯಾಂಡೇಟ್. ಶುಲ್ಕ ವರ್ಷಕ್ಕೊಂದು ಸಲ ತಾನೇ, ಮುಂದಿನದ್ದಕ್ಕೆ ಇನ್ನೂ ಹನ್ನೊಂದು ತಿಂಗಳಿದೆ, ಅವಸರ ಏನಿದೆ? ಇದೇ ತಿಂಗಳು ತಿಂಗಳು ಕಟ್ ಆಗ್ತಿದ್ದ ವಿಮೆಯೋ ಮೆಂಬರ್‌ಶಿಪ್ಪೋ ಆಗಿದ್ರೆ ಎರಡನ್ನೂ ಒಟ್ಟಿಗೇ ಮಾಡಿ ಅಂತಿದ್ದೆ. ಇನ್ನು ಕಂಪನಿ ಯಾವುದು ಅಂತಲೇ ಗೊತ್ತಾಗದಿದ್ರೆ, ಮ್ಯಾಂಡೇಟ್ ಮಾಡಿದ ದಿನ ನೀವು ಎಲ್ಲೂ ಏನೂ ತಗೊಂಡೇ ಇಲ್ಲ ಅಂದ್ರೆ, ಆವಾಗ ಬೇರೆ ಮಾತೇ ಇಲ್ಲ, ಅವತ್ತೇ ರದ್ದು, ಅವತ್ತೇ ದೂರು.

ಕಂಪನಿಯ ದೂರು ಅಧಿಕಾರಿಗೆ ಹೋದ ಇಮೇಲನ್ನ ಮೇಷ್ಟ್ರೇ ಬರೆದ್ರು. ಬೈಗುಳ ಇಲ್ಲ, ಮೋಸ ಅನ್ನೋ ಪದ ಇಲ್ಲ. ಸಾರಾಂಶ ಇದು:

"ನನ್ನ ಸಾಲ ಸಂಖ್ಯೆ ಇಂಥದ್ದು, ಹತ್ತು ಕಂತೂ ಪಾವತಿಯಾಗಿದೆ. ಯುಎಂಆರ್‌ಎನ್ ಇಂಥದ್ದರ ಮೂಲಕ ಈ ಎರಡು ದಿನಾಂಕಗಳಲ್ಲಿ ತಲಾ 177 ರೂಪಾಯಿ ತೆಗೆದಿದ್ದೀರಿ. ಮ್ಯಾಂಡೇಟಿನ ಉದ್ದೇಶ ಸಾಲದ ಕಂತು ಪಾವತಿ ಎಂದಿದೆ. ಆ ದಿನಾಂಕಗಳಲ್ಲಿ ನನಗೆ ಯಾವ ಸಾಲವೂ ಇರಲಿಲ್ಲ. ವಾರ್ಷಿಕ ಶುಲ್ಕಕ್ಕೆ ನಾನು ಪ್ರತ್ಯೇಕ ಒಪ್ಪಿಗೆ ಕೊಟ್ಟಿದ್ದರೆ ಅದರ ದಾಖಲೆ, ಸಮಯ ಸಮೇತ ಕಳಿಸಿ. ಕಾರ್ಡನ್ನು ಮುಚ್ಚಿ, ಎರಡೂ ಮೊತ್ತ ಹಿಂತಿರುಗಿಸಿ, ಬಾಕಿ ಇಲ್ಲ ಎಂಬ ಪತ್ರ ಕೊಡಿ."

ಈ ಪತ್ರದ ಬಲ ಎಲ್ಲಾ ಇರೋದು ಉದ್ದೇಶ ಅನ್ನೋ ಒಂದು ಸಾಲಲ್ಲಿ. ನನಗೆ ಗೊತ್ತಿಲ್ಲದೆ ದುಡ್ಡು ತೆಗೆದ್ರು ಅಂದಿದ್ರೆ ಓಟಿಪಿ ದಾಖಲೆ ತೋರಿಸಿ ಕೈ ತೊಳ್ಕೊಳ್ತಿದ್ರು. ಸಾಲದ ಕಂತಿಗೆ ಅಂತ ಕೊಟ್ಟ ಅನುಮತಿಯಲ್ಲಿ ಕಾರ್ಡಿನ ಶುಲ್ಕ ಹೇಗೆ ತೆಗೆದ್ರಿ ಅಂತ ಕೇಳಿದಾಗ ಉತ್ತರ ಅಷ್ಟು ಸುಲಭ ಅಲ್ಲ.

ಬಂದ ಫಲ

ಮೊದಲು ಬಂದದ್ದು ಯಂತ್ರದಂಥ ಉತ್ತರ, ನಿಮ್ಮ ದೂರು ಸಂಖ್ಯೆ ಇಷ್ಟು, ನಮ್ಮ ಜೊತೆ ಇರೋದಕ್ಕೆ ಧನ್ಯವಾದ. ಆಮೇಲೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿ "ಅಂಕಲ್ ಕಾರ್ಡ್ ಮುಚ್ಚಬೇಡಿ, ಮುಂದಿನ ವರ್ಷದ ಶುಲ್ಕ ಬಿಟ್ಟುಕೊಡ್ತೀವಿ" ಅಂದ್ಳು. ಮೇಷ್ಟ್ರು "ನಿಮ್ಮ ಮಾತು ಇಮೇಲಲ್ಲಿ ಬರಲಿ ತಾಯಿ" ಅಂತ ಇಟ್ಟರು. ಫೋನಲ್ಲಿ ಏನೂ ಇತ್ಯರ್ಥ ಮಾಡ್ಕೊಳ್ಳಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ರು, ಯಾಕಂದ್ರೆ 30 ದಿನದೊಳಗೆ ಕಂಪನಿ ಉತ್ತರ ಕೊಡದಿದ್ರೆ, ಅಥವಾ ಕೊಟ್ಟ ಉತ್ತರ ಸರಿ ಅನ್ನಿಸದಿದ್ರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ರ cms.rbi.org.in ನಲ್ಲಿ ದೂರು ಹಾಕಬಹುದು, ಅಲ್ಲಿ ಕೇಳೋದೇ ಮೊದಲು ಕಂಪನಿಗೆ ಬರೆದಿದ್ರಾ, ಅದರ ಪ್ರತಿ ಎಲ್ಲಿ ಅಂತ. ಫೋನ್ ಮಾತಿಗೆ ಪ್ರತಿ ಇರಲ್ಲ.

ಎರಡು ವಾರದೊಳಗೆ ನಿಜವಾದ ಉತ್ತರ ಬಂತು. ಕಾರ್ಡಿನ ನಿಯಮಗಳ ಒಂದು ಪಿಡಿಎಫ್, ಅದಕ್ಕೆ ಓಟಿಪಿಯಲ್ಲಿ ಒಪ್ಪಿದ ಸಮಯ, ಅದು ಮ್ಯಾಂಡೇಟ್ ಆದ ಎರಡು ನಿಮಿಷದ ನಂತರದ್ದು. ಈ ವರ್ಷದ 177ನ್ನ ಗ್ರಾಹಕರ ತೃಪ್ತಿಗಾಗಿ ವಾಪಸ್ ಕೊಡ್ತಿದೀವಿ, ಹೋದ ವರ್ಷದ್ದು ನಿಯಮದ ಪ್ರಕಾರ ಸರಿಯಾಗಿದೆ, ಕೊಡಲಾಗಲ್ಲ. ಕಾರ್ಡ್ ಮುಚ್ಚಲಾಗಿದೆ, ಬಾಕಿ ಇಲ್ಲ. ಉದ್ದೇಶದ ಪ್ರಶ್ನೆಗೆ ಒಂದಕ್ಷರ ಉತ್ತರ ಇಲ್ಲ, ಅದನ್ನ ಮುಟ್ಟೋಕೆ ಹೋಗಲಿಲ್ಲ ಅವರು.

ಹಳೇ 177ಕ್ಕೆ ಓಂಬುಡ್ಸ್‌ಮನ್ ಹತ್ರ ಹೋಗೋದಾ ಬೇಡವಾ ಅಂತ ಮೇಷ್ಟ್ರು ಎರಡು ದಿನ ಯೋಚನೆ ಮಾಡಿದ್ರು. ಅಲ್ಲಿ ದೂರು ಹಾಕೋಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಹೋಗಿದ್ರೆ ಗೆಲ್ಲೋ ಸಾಧ್ಯತೆ ಇತ್ತು ಅಂತ ನನ್ನ ಅಭಿಪ್ರಾಯ. ಆದರೆ ಅವರು ಬೇಡ ಅಂದ್ರು. "ಓಟಿಪಿ ಹೋಗಿದ್ದು ನನ್ನ ಫೋನಿಂದಲೇ, ನಾನು ಓದಲಿಲ್ಲ, ಅದು ನನ್ನ ಫೀಸು" ಅಂದ್ರು. ಅದು ಅವರ ತೀರ್ಮಾನ, ನಾನಾಗಿದ್ರೆ ಹಾಕ್ತಿದ್ದೆ.

ಆಮೇಲೆ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ರದ್ದು ಮಾಡಿಸಿದ್ದು. ಇಲ್ಲೂ ಒಂದು ಸೂಕ್ಷ್ಮ ಇದೆ. ಕೌಂಟರಲ್ಲಿ ಮೊದಲು ಕೊಟ್ಟದ್ದು ಸ್ಟಾಪ್ ಪೇಮೆಂಟ್ ಫಾರಂ. ಪಾವತಿ ತಡೆಯೋದು ಬೇರೆ, ಮ್ಯಾಂಡೇಟನ್ನೇ ತೆಗೆಯೋದು ಬೇರೆ. ಮೇಷ್ಟ್ರು ಅರ್ಜಿಯಲ್ಲಿ ಯುಎಂಆರ್‌ಎನ್ ಬರೆದು "ಈ ಮ್ಯಾಂಡೇಟನ್ನು ಶಾಶ್ವತವಾಗಿ ರದ್ದು ಮಾಡಿ" ಅಂತ ಬರೆದು, ಕಂಪನಿಯ ಬಾಕಿ ಇಲ್ಲ ಪತ್ರ ಲಗತ್ತಿಸಿ ಕೊಟ್ಟರು. ಒಂದು ವಾರ ಬಿಟ್ಟು ಮತ್ತೆ ಪಟ್ಟಿ ತೆಗೆಸಿ ನೋಡಿದಾಗ ಅದರ ಮುಂದೆ ಕ್ಯಾನ್ಸಲ್ಡ್ ಅಂತ ಬಂದಿತ್ತು. ಕ್ರೆಡಿಟ್ ರಿಪೋರ್ಟನ್ನೂ ತೆಗೆಸಿದ್ವಿ, ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ಉಚಿತವಾಗಿ ಕೊಡಬೇಕು. ಅದರಲ್ಲಿ ವಾಷಿಂಗ್ ಮಷೀನ್ ಸಾಲ ಮುಚ್ಚಿದೆ, ತಡವಾದ ಕಂತು ಒಂದೂ ಇಲ್ಲ.

ಮೊದಲ ಪಟ್ಟಿಯಲ್ಲಿ ಇನ್ನೂ ಎರಡು ಮ್ಯಾಂಡೇಟ್ ಇದ್ದವು. ಒಂದು ಅವರೇ ಶುರು ಮಾಡಿದ್ದ ಮ್ಯೂಚುವಲ್ ಫಂಡ್ ಕಂತು, ಅದು ಇರಲಿ ಅಂದ್ರು. ಇನ್ನೊಂದು ಮಗ ಕಾಲೇಜು ಓದುವಾಗ ತಗೊಂಡಿದ್ದ ಲ್ಯಾಪ್‌ಟಾಪ್ ಸಾಲದ್ದು, ಬೇರೆ ಕಂಪನಿ, ತೀರಿ ಎಷ್ಟೋ ಕಾಲ ಆಗಿದೆ, ಇಲ್ಲಿ ತನಕ ಒಂದು ಪೈಸೆನೂ ತೆಗೆದಿಲ್ಲ. ಗರಿಷ್ಠ ಮೊತ್ತ 15,000. ಮೇಷ್ಟ್ರು ಅವತ್ತೇ ಆ ಕಂಪನಿಗೂ ಬಾಕಿ ಇಲ್ಲ ಪತ್ರ ಕೇಳಿ ಇಮೇಲ್ ಹಾಕಿದ್ರು, ಮಗನಿಗೆ ಫೋನ್ ಮಾಡಿ ಅವನ ಖಾತೆಯ ಪಟ್ಟಿನೂ ತೆಗೆಸು ಅಂದ್ರು. ಅವನ ಬ್ಯಾಂಕ್ ಆಪಲ್ಲೇ ಅದು ಕಾಣಿಸುತ್ತಂತೆ, ಆರು ಚಾಲ್ತಿಯಲ್ಲಿದ್ದವು, ಅದರಲ್ಲಿ ಎರಡು ಯಾವುದು ಅಂತ ಅವನಿಗೂ ಗೊತ್ತಿಲ್ಲ.